184 ಬಾಕ್ಸ್ ಲೋಡ್ ಆಗಿದ್ವು, ಎಎಸ್‌ಎನ್‌ನಲ್ಲಿ ಇದ್ದಿದ್ದು ಮೂರೇ ನಂಬರ್: ಬಳ್ಳಾರಿ ಜೀನ್ಸ್ ಲೋಡ್ ಒಂದರ ಪ್ರಕರಣ

ಬಳ್ಳಾರಿ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಡಿಸ್ಪ್ಯಾಚ್ ಕೆಲಸ, ಕಂಪ್ಯೂಟರ್ ಕೆಲಸ ಎರಡೂ ನೋಡ್ಕೋತೀನಿ. ನಮ್ ಊರಲ್ಲಿ ಜೀನ್ಸ್ ವ್ಯಾಪಾರ ಮೊದ್ಲಿಂದ ಹೆಂಗೆ ಅಂದ್ರೆ ಬಂಡಲ್ ಕಟ್ಟೋದು, ಟ್ರಾನ್ಸ್‌ಪೋರ್ಟ್‌ಗೆ ಹಾಕೋದು, ಪಾರ್ಟಿಗೆ ಫೋನ್ ಮಾಡಿ "ಅಣ್ಣ ಮಾಲು ಬಿಟ್ಟೀನಿ, ನಾಳೆ ಬರ್ತೈತೆ" ಅಂತ ಹೇಳೋದು, ಅಷ್ಟೇ. ಆಮೇಲೆ ಒಂದು ದೊಡ್ಡ ರಿಟೇಲ್ ಕಂಪನಿ ಆರ್ಡರ್ ಕೊಡೋಕೆ ಶುರು ಮಾಡ್ತು. ಅವರ ಮಾಲು ಅಂಗಡಿಗೆ ಸೀದಾ ಹೋಗಲ್ಲ, ಬೆಂಗಳೂರು ಹತ್ರ ಇರೋ ಅವರ ಡಿಸಿಗೆ, ಅಂದ್ರೆ ಡಿಸ್ಟ್ರಿಬ್ಯೂಷನ್ ಸೆಂಟರ್‌ಗೆ ಹೋಗಿ ಅಲ್ಲಿಂದ ಅಂಗಡಿಗಳಿಗೆ ಹಂಚಿಕೆ ಆಗುತ್ತೆ. ಅವರದ್ದು ಒಂದೇ ಕಂಡೀಷನ್ ಇತ್ತು, ಲಾರಿ ಗೇಟ್ ಮುಟ್ಟೋ ಮೊದ್ಲು ಎಎಸ್‌ಎನ್ ಅವರ ಸಿಸ್ಟಮ್‌ನಲ್ಲಿ ಇರಬೇಕು ಅಂತ.

ಫೋನಲ್ಲಿ "ಮಾಲು ಬಿಟ್ಟೀನಿ" ಅಂತಿದ್ವಲ್ಲ, ಎಎಸ್‌ಎನ್, ಅಂದ್ರೆ ಅಡ್ವಾನ್ಸ್ ಶಿಪ್‌ಮೆಂಟ್ ನೋಟಿಸ್, ಅದೇ ಮಾತು, ಆದ್ರೆ ಬಾಕ್ಸ್ ಬಾಕ್ಸ್ ಲೆಕ್ಕದಲ್ಲಿ. ಯಾವ ಲಾರಿ, ಯಾವ ಆರ್ಡರ್, ಆ ಆರ್ಡರ್‌ಗೆ ಯಾವ ಯಾವ ಬಾಕ್ಸ್, ಒಂದೊಂದು ಬಾಕ್ಸ್ ಒಳಗೆ ಯಾವ ಸೈಜ್ ಎಷ್ಟು ಪೀಸ್, ಇವೆಲ್ಲ ಒಂದರೊಳಗೊಂದು ಕೂತಿರುತ್ತೆ. ಬಾಕ್ಸ್ ಮೇಲೆ ಒಂದು ಬಾರ್‌ಕೋಡ್ ಲೇಬಲ್ ಇರುತ್ತೆ, ಅದರಲ್ಲಿ 18 ಅಂಕಿಯ ಎಸ್‌ಎಸ್‌ಸಿಸಿ ನಂಬರ್. ಡಿಸಿಯಲ್ಲಿ ಹುಡುಗ ಸ್ಕ್ಯಾನರ್ ಹಿಡಿದ್ರೆ ಸಿಸ್ಟಮ್ ಆ ನಂಬರನ್ನ ಎಎಸ್‌ಎನ್‌ನಲ್ಲಿ ಹುಡುಕಿ "ಇದರಲ್ಲಿ 34 ಸೈಜ್ 24 ಪೀಸ್ ಐತೆ" ಅಂತ ತೋರಿಸುತ್ತೆ, ಬಾಕ್ಸ್ ಒಡೀದೇ ಒಳಗೆ ತಗೋತಾರೆ. ಆ ನಂಬರ್ ಎಎಸ್‌ಎನ್‌ನಲ್ಲಿ ಇಲ್ಲ ಅಂದ್ರೆ ಅವರ ಪಾಲಿಗೆ ಒಳಗಡೆ ಏನೈತೆ ಅಂತ ಯಾರಿಗೂ ಗೊತ್ತಿಲ್ಲ, ಒಡೆದು ಎಣಿಸಲೇಬೇಕು.

ನಂಬರ್ ಹೆಂಗೆ ಆಗಿರುತ್ತೆ ಅನ್ನೋದು ಈ ಪ್ರಕರಣಕ್ಕೆ ಮುಖ್ಯ, ಅದಕ್ಕೆ ಒಂದು ಲೇಬಲ್ ಹತ್ರದಿಂದ ನೋಡೋಣ. ನಮ್ಮ ನಿಜವಾದ ಕಂಪನಿ ಕೋಡ್ ತೆಗೆದು ಮಾದರಿ ಕೋಡ್ ಹಾಕಿದೀನಿ, ಮಿಕ್ಕಿದ್ದು ಹಂಗೇ ಐತೆ.

```
1  890123456  0004182  2
```

ಮೊದಲನೇ 1 ನಾವೇ ಇಟ್ಕೊಳ್ಳೋ ಅಂಕಿ, ಆಮೇಲಿನ ಒಂಬತ್ತು ಅಂಕಿ ಬಾರ್‌ಕೋಡ್ ನಂಬರ್ ಹಂಚೋ ಜಿಎಸ್1 ಅನ್ನೋ ಸಂಸ್ಥೆ ಕೊಟ್ಟ ಕಂಪನಿ ಕೋಡ್, 890 ಇಂಡಿಯಾದ ಜಿಎಸ್1 ಸಂಸ್ಥೆಯದ್ದು. 4182 ನಮ್ಮ ಬಾಕ್ಸ್ ಸೀರಿಯಲ್. ಕೊನೇ 2 ಚೆಕ್ ಡಿಜಿಟ್, ಅಂದ್ರೆ ಹಿಂದಿನ 17 ಅಂಕಿಗೆ ಎಡದಿಂದ 3, 1, 3, 1 ಅಂತ ಗುಣಿಸ್ಕೊಂಡು ಹೋಗಿ ಕೂಡಿದ್ರೆ 98 ಬರುತ್ತೆ, 100 ಆಗೋಕೆ ಇನ್ನೆರಡು ಬೇಕು, ಅದಕ್ಕೆ 2.

ಆವತ್ತಿನ ಲೋಡ್ 184 ಬಾಕ್ಸ್, ಸೀರಿಯಲ್ 4118ರಿಂದ 4301. ಒಂದು ಬಾಕ್ಸ್‌ಗೆ ಒಂದೇ ಸೈಜ್, 24 ಪೀಸ್. ಕಡೇ ಬಾಕ್ಸ್ ಮಾತ್ರ 16 ಪೀಸ್, ಯಾಕಂದ್ರೆ ಚೆಕಿಂಗ್‌ನಲ್ಲಿ 8 ಪೀಸ್ ವಾಷ್ ಕಲೆ ಅಂತ ತೆಗೆದಿಟ್ಟಿದ್ವಿ. ಒಟ್ಟು 4,408 ಪೀಸ್. ಪ್ಯಾಕಿಂಗ್ ಟೇಬಲ್‌ನಲ್ಲಿ ಲೇಬಲ್ ಪ್ರಿಂಟ್ ಆಗಿ ಬಾಕ್ಸ್‌ಗೆ ಅಂಟುತ್ತಾ ಹೋದಂಗೆ ಸಾಫ್ಟ್‌ವೇರ್ ಒಂದು ಸಿಎಸ್‌ವಿ ಫೈಲ್ ಬರೆಯುತ್ತೆ, ಸಂಜೆ ಆ ಫೈಲನ್ನ ಒಂದು ಫೋಲ್ಡರ್‌ಗೆ ಹಾಕಿದ್ರೆ ಕನ್ವರ್ಟರ್ ತಗೊಂಡು ಅವರು ಕೇಳೋ 856 ಅನ್ನೋ ಎಎಸ್‌ಎನ್ ಮೆಸೇಜ್ ಮಾಡಿ ಕಳಿಸುತ್ತೆ. ಎರಡು ನಿಮಿಷದ ಕೆಲಸ, ನಲವತ್ತಕ್ಕೂ ಹೆಚ್ಚು ಲೋಡ್ ಹಂಗೇ ಹೋಗಿದ್ವು, ಒಂದೂ ತೊಂದ್ರೆ ಆಗಿರ್ಲಿಲ್ಲ.

ಆ ರಾತ್ರಿ ಲೋಡಿಂಗ್ ಶುರು ಮಾಡೋ ಹೊತ್ತಿಗೆ ಬಂದ ಲಾರಿ ಕೆಟ್ಟು ನಿಂತ್ತು, ಬೇರೆ ಲಾರಿ ತರಿಸಿದ್ವಿ. ಗಾಡಿ ನಂಬರ್ ಬದಲಾದ್ರೆ ಇ-ವೇ ಬಿಲ್‌ನ ಪಾರ್ಟ್ ಬಿ ಬದಲಿಸ್ಬೇಕು, ಅದನ್ನ ನಾನು ಪೋರ್ಟಲ್‌ನಲ್ಲಿ ಮಾಡಿದೆ. ಎಎಸ್‌ಎನ್‌ನಲ್ಲೂ ಗಾಡಿ ನಂಬರ್ ಹೋಗುತ್ತೆ, ಅದು ಸಿಎಸ್‌ವಿಯಲ್ಲಿ ಹಳೇದೇ ಇತ್ತು. ನಾನು ಲಾರಿ ಹತ್ರ ಇದ್ದೆ, ಡಿಸ್ಪ್ಯಾಚ್ ಹುಡುಗನಿಗೆ "ತಮ್ಮಾ, ಫೈಲಲ್ಲಿ ಗಾಡಿ ನಂಬರ್ ಬದಲಿಸಿ ಕಳಿಸಿಬಿಡು" ಅಂದೆ. ಅವನು ಬದಲಿಸಿ ಕಳಿಸ್ದ. ಹತ್ತು ನಿಮಿಷಕ್ಕೆ 997, ಅಂದ್ರೆ ಮೆಸೇಜ್ ಮುಟ್ಟಿತು ಅನ್ನೋ ಅವರ ಸಿಸ್ಟಮ್‌ನ ಉತ್ತರ, ವಾಪಸ್ ಬಂತು, ಹಿಂಗಿತ್ತು:

```
AK1*SH*417~
AK2*856*0001~
AK5*A~
AK9*A*1*1*1~
```

A ಅಂದ್ರೆ ಆಕ್ಸೆಪ್ಟೆಡ್. ಗಾಡಿ ಬಿಡ್ತು, ಚಳ್ಳಕೆರೆ ಹಿರಿಯೂರು ತುಮಕೂರು ಮೇಲೆ ಹೋಗಿ ಬೆಳಗಿನ ಅಪಾಯಿಂಟ್‌ಮೆಂಟ್ ಟೈಮ್‌ಗೆ ಗೇಟ್ ಮುಟ್ತು, ಗೇಟಲ್ಲಿ 184 ಬಾಕ್ಸ್ ಅಂತ ಸರಿಯಾಗೇ ತೋರಿಸ್ತು, ಒಳಗೆ ಬಿಟ್ರು. ಒಂಬತ್ತೂವರೆಗೆ ಫೋನ್ ಬಂತು.

"ಸರ್ ನಿಮ್ಮ ಲೇಬಲ್ ಒಂದೂ ಸ್ಕ್ಯಾನ್ ಆಗ್ತಿಲ್ಲ."

ಇಲ್ಲಿ ನಾವು ಒಂದೂವರೆ ಗಂಟೆ ಹಾಳು ಮಾಡ್ಕೊಂಡ್ವಿ, ಯಾಕಂದ್ರೆ "ಸ್ಕ್ಯಾನ್ ಆಗ್ತಿಲ್ಲ" ಅನ್ನೋ ಮಾತಿಗೆ ಎರಡು ಅರ್ಥ ಐತೆ. ಬಾರ್‌ಕೋಡ್ ಗೆರೆ ಮಸುಕಾಗಿ ಸ್ಕ್ಯಾನರ್‌ಗೆ ಓದೋಕೇ ಬರ್ತಿಲ್ಲ ಅನ್ನೋದು ಒಂದು. ಸ್ಕ್ಯಾನರ್ ಸರಿಯಾಗಿ ಓದ್ತು, ಬೀಪ್ ಅಂತು, ಆದ್ರೆ ಓದಿದ ನಂಬರ್ ಎಎಸ್‌ಎನ್‌ನಲ್ಲಿ ಸಿಗ್ಲಿಲ್ಲ ಅನ್ನೋದು ಇನ್ನೊಂದು. ಮೊದಲನೇದು ಪ್ರಿಂಟರ್ ಕಡೆ ತಪ್ಪು, ಎರಡನೇದು ಡೇಟಾ ಕಡೆ ತಪ್ಪು. ನಾನು ಮೊದಲನೇದೇ ಅನ್ಕೊಂಡೆ, ಪ್ರಿಂಟರ್ ಹೆಡ್ ಸ್ವಚ್ಛ ಮಾಡಿಸ್ದೆ, ಸ್ಯಾಂಪಲ್ ಪ್ರಿಂಟ್ ತೆಗೆದು ನಮ್ಮ ಸ್ಕ್ಯಾನರ್‌ನಲ್ಲಿ ಓದಿಸಿ ನೋಡಿದೆ, ಎಲ್ಲ ಚೆನ್ನಾಗೇ ಇತ್ತು. ಈಗ ಯಾರೇ ಡಿಸಿಯಿಂದ ಫೋನ್ ಮಾಡಿದ್ರೂ ನಾನು ಮೊದಲು ಕೇಳೋದು "ಸರ್ ಬೀಪ್ ಬಂತಾ? ಸ್ಕ್ರೀನ್ ಮೇಲೆ ಏನು ಬರೆದೈತೆ, ಹಂಗೇ ಓದ್ರಿ" ಅಂತ.

ಹನ್ನೊಂದು ಗಂಟೆಗೆ ಅಲ್ಲಿನ ರಿಸೀವಿಂಗ್ ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದ್ರು. ಒಂದು ಬಾಕ್ಸ್ ಮೇಲಿನ ಲೇಬಲ್, ಇನ್ನೊಂದು ಅವರ ಸ್ಕ್ರೀನ್‌ನಲ್ಲಿ ನಮ್ಮ ಎಎಸ್‌ಎನ್. ಎರಡನ್ನೂ ಒಂದರ ಕೆಳಗೊಂದು ಬರ್ಕೊಂಡು ನೋಡಿದೆ.

```
ಲೇಬಲ್:     189012345600041822
ಎಎಸ್‌ಎನ್:   189012345600041000
```

ಮೊದಲ 15 ಅಂಕಿ ಒಂದೇ, ಕೊನೇ ಮೂರು ಸೊನ್ನೆ. ಅವರ ಎಎಸ್‌ಎನ್ ಡಿಟೇಲ್ ಪೂರ್ತಿ ತೆಗೆಸಿದ್ರೆ ಇದ್ದಿದ್ದೇ ಮೂರು ಬಾಕ್ಸ್: 041000, 042000, 043000 ಅಂತ ಕೊನೆಯಾಗೋ ಮೂರು ನಂಬರ್. ಮೇಲೆ ಹೆಡರ್‌ನಲ್ಲಿ 184 ಅಂತ ಐತೆ, ಅದು TD1 ಸೆಗ್‌ಮೆಂಟ್, ಅಂದ್ರೆ ಮೆಸೇಜ್‌ನ ಒಂದು ಸಾಲಿನಿಂದ ಬಂದ ಲೆಕ್ಕ, ಅದಕ್ಕೇ ಗೇಟಲ್ಲಿ ಯಾರಿಗೂ ಅನುಮಾನ ಬರ್ಲಿಲ್ಲ. ಕೆಳಗೆ ಒಟ್ಟು ಪೀಸ್ 64. ನಾನು ಸೀರಿಯಲ್ ಲೆಕ್ಕ ಹಾಕಿ ನೋಡಿದೆ, 4118ರಿಂದ 4199ರ ತನಕ 82 ಬಾಕ್ಸ್ ಎಲ್ಲವೂ ಒಂದೇ ನಂಬರ್ ಆಗಿದ್ವು, 4200ರಿಂದ 4299 ನೂರೂ ಇನ್ನೊಂದು ನಂಬರ್, 4300 ಮತ್ತೆ 4301 ಮೂರನೇ ನಂಬರ್. ನಾವು ಕಳಿಸಿದ ಮೆಸೇಜ್‌ನಲ್ಲಿ 184 ಬಾಕ್ಸ್ ಸಾಲು ಇದ್ವು, ಆದ್ರೆ ಒಂದೇ ನಂಬರ್ ಮತ್ತೆ ಮತ್ತೆ ಬಂದಾಗ ಅವರ ಸಿಸ್ಟಮ್ ಹಿಂದಿನದ್ದರ ಮೇಲೇ ಬರ್ಕೊಂಡು ಹೋಗಿತ್ತು, ಕೊನೆಗೆ ಉಳಿದಿದ್ದು 4199, 4299, 4301 ಈ ಮೂರರ ಒಳಗಿನ ಲೆಕ್ಕ, 24, 24, 16, ಅದೇ 64.

18 ಅಂಕಿಯಲ್ಲಿ ಕೊನೇ ಮೂರು ಸೊನ್ನೆ ಅಂದ ತಕ್ಷಣ ಎಕ್ಸೆಲ್ ಅಂತ ಗೊತ್ತಾಯ್ತು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಕೊಳ್ಳುತ್ತೆ, ಅದರಾಚೆ ಏನಿದ್ರೂ ಸೊನ್ನೆ ಮಾಡುತ್ತೆ. ಸಿಎಸ್‌ವಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆಗೆದ್ರೆ ಎಸ್‌ಎಸ್‌ಸಿಸಿ ಕಾಲಮ್ಮನ್ನ ಅದು ಸಂಖ್ಯೆ ಅಂತಲೇ ತಗೊಳ್ಳುತ್ತೆ. ಹುಡುಗನ್ನ ಕರೆದು ರಾತ್ರಿ ಏನು ಮಾಡಿದೆ ಅಂತ ಕೇಳಿದೆ.

"ಅಣ್ಣ, ಎಕ್ಸೆಲ್‌ನಾಗೆ ತೆಗೆದೆ, ಗಾಡಿ ನಂಬರ್ ಹಾಕ್ದೆ. ಆ ಬಾಕ್ಸ್ ನಂಬರ್ ಎಲ್ಲ 1.89012E+17 ಅಂತ ಆಗಿತ್ತು, ಹಂಗೇ ಕಳಿಸಿದ್ರೆ ತಪ್ಪಾಗ್ತೈತೆ ಅಂತ ಫಾರ್ಮ್ಯಾಟ್‌ನ ನಂಬರ್ ಮಾಡಿ, ಪಾಯಿಂಟ್ ತೆಗೆದು, ಸರಿ ಮಾಡಿ ಸೇವ್ ಮಾಡ್ದೆ."

ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟು ಬರ್ಲಿಲ್ಲ. ಅವನು ಗಮನ ಕೊಟ್ಟು ನೋಡಿದಾನೆ, ತಪ್ಪು ಕಂಡಿದಾನೆ, ತನಗೆ ಗೊತ್ತಿರೋ ರೀತಿ ಸರಿ ಮಾಡಿದಾನೆ. ಆದ್ರೆ ಫೈಲ್ ತೆಗೆದ ಕ್ಷಣಕ್ಕೇ ಕೊನೇ ಮೂರು ಅಂಕಿ ಹೋಗಿಬಿಟ್ಟಿದ್ವು, ಫಾರ್ಮ್ಯಾಟ್ ಬದಲಿಸಿದ್ರೆ ಅವು ವಾಪಸ್ ಬರಲ್ಲ, ಬದಲಿಗೆ ನಂಬರ್ 18 ಅಂಕಿ ತುಂಬಿಕೊಂಡು ನೋಡೋಕೆ ಸರಿ ಇದ್ದಂಗೆ ಕಾಣುತ್ತೆ. E+17 ಹಂಗೇ ಹೋಗಿದ್ರೆ ನಮ್ಮ ಕನ್ವರ್ಟರ್ 18 ಅಂಕಿ ಇಲ್ಲ ಅಂತ ಅಲ್ಲೇ ನಿಲ್ಲಿಸ್ತಿತ್ತು, ಉದ್ದ ಮಾತ್ರ ನೋಡೋ ಚೆಕ್ ಅದರಲ್ಲಿ ಮೊದ್ಲಿಂದ ಇತ್ತು. ತಪ್ಪು ನಂದು, ಆ ಫೈಲನ್ನ ಕೈಯಾರೆ ತೆಗೆಯೋ ಪರಿಸ್ಥಿತಿ ಬಿಟ್ಟಿದ್ದೇ ನಾನು.

ಇನ್ನೊಂದು ವಿಷಯ ಎಲ್ಲರ ತಲೆ ಕೆಡಿಸಿತ್ತು. 184ರಲ್ಲಿ ಒಂದೇ ಒಂದು ಬಾಕ್ಸ್ ಡಿಸಿಯಲ್ಲಿ ಸರಿಯಾಗಿ ಸ್ಕ್ಯಾನ್ ಆಗಿತ್ತು, ಸೀರಿಯಲ್ 4300. ಇದರಿಂದ ಅಲ್ಲಿನವರು "ನಿಮ್ಮ ಎಎಸ್‌ಎನ್ ಸರಿ ಇದೆ, ಒಂದು ಬಾಕ್ಸ್ ತಗೊಂಡಿದೆ ನೋಡಿ, ಮಿಕ್ಕಿದ ಲೇಬಲ್ಲೇ ಕೆಟ್ಟಿದೆ" ಅಂತ ಹಠ ಹಿಡಿದಿದ್ರು. ಅದು ಯಾಕೆ ತಗೊಂತು ಅಂದ್ರೆ 4300ಕ್ಕೆ ಚೆಕ್ ಡಿಜಿಟ್ ಲೆಕ್ಕ ಹಾಕಿದ್ರೆ ಮೊತ್ತ 90 ಬರುತ್ತೆ, ಹತ್ತಕ್ಕೆ ಸರಿ ಹೋಗುತ್ತೆ, ಹಂಗಾಗಿ ಚೆಕ್ ಡಿಜಿಟ್ 0. ಅದರ ನಿಜವಾದ ನಂಬರ್ರೇ 189012345600043000, ಎಕ್ಸೆಲ್ ಸೊನ್ನೆ ಮಾಡಿದ್ರೂ ಅದು ಅದೇ ಆಗಿ ಉಳಿಯುತ್ತೆ. ಆದ್ರೆ ಅದರ ಒಳಗಿನ ಲೆಕ್ಕದ ಮೇಲೆ 4301ರ ಲೆಕ್ಕ ಬಂದು ಕೂತಿತ್ತು, ಸಿಸ್ಟಮ್ 16 ಪೀಸ್ ಅಂತಿತ್ತು, ಒಡೆದು ನೋಡಿದ್ರೆ 24. ಆ 8 ಪೀಸ್ ವ್ಯತ್ಯಾಸ ಕೇಳಿದ ಮೇಲೇ ಅವರೂ ಲೇಬಲ್ ವಿಷಯ ಬಿಟ್ಟು ಡೇಟಾ ಕಡೆ ತಿರುಗಿದ್ರು.

ಹಂಗಾದ್ರೆ 997 ಯಾಕೆ A ಅಂತು? ಇದನ್ನ ನಮ್ಮ ಓನರ್ ನನಗೆ ಮೂರು ಸಲ ಕೇಳಿದ್ರು, ಕೇಳಬೇಕಾದ ಪ್ರಶ್ನೆನೇ ಅದು. 997 ನೋಡೋದು ಮೆಸೇಜ್‌ನ ವ್ಯಾಕರಣ ಮಾತ್ರ. ಸೆಗ್‌ಮೆಂಟ್‌ಗಳು ಇರಬೇಕಾದ ಜಾಗದಲ್ಲಿ ಇದಾವಾ, ಕಡ್ಡಾಯ ಫೀಲ್ಡ್ ಖಾಲಿ ಬಿಟ್ಟಿಲ್ವಾ, ಉದ್ದ ಮಿತಿಯೊಳಗೆ ಐತಾ, ಎಣಿಕೆ ತಾಳೆ ಆಗುತ್ತಾ. ನಮ್ಮ ಮೆಸೇಜ್‌ನಲ್ಲಿ ಒಂದು ಬಾಕ್ಸ್ ಭಾಗ ಹಿಂಗಿತ್ತು:

```
HL*67*2*P~
MAN*GM*00189012345600041000~
HL*68*67*I~
LIN**EN*8901234560051~
SN1**24*EA~
```

HL ಸಾಲು ಯಾವುದರೊಳಗೆ ಯಾವುದು ಅಂತ ಹೇಳುತ್ತೆ, P ಅಂದ್ರೆ ಬಾಕ್ಸ್, I ಅಂದ್ರೆ ಐಟಂ. MAN ಸಾಲಲ್ಲಿ ಎಸ್‌ಎಸ್‌ಸಿಸಿ, ಅದರ ಮುಂದೆ ಬಾರ್‌ಕೋಡ್‌ನಲ್ಲಿ ಬರೋ 00 ಸೇರ್ಕೊಂಡು 20 ಅಂಕಿ. ವ್ಯಾಕರಣದ ಪ್ರಕಾರ ಆ ಜಾಗ ಬರೀ ಅಕ್ಷರ ಅಂಕಿ ಇರೋ ಫೀಲ್ಡ್, ಅಲ್ಲಿ ಏನು ಬರೆದ್ರೂ ತಪ್ಪಲ್ಲ, ಅದೇ ನಂಬರ್ ನೂರು ಸಲ ಬಂದ್ರೂ ತಪ್ಪಲ್ಲ. ಒಳಗಿನ ಅರ್ಥ ತಪ್ಪಿದ್ರೆ ಹೇಳೋಕೆ 824 ಅಂತ ಬೇರೆ ಮೆಸೇಜ್ ಇದೆ, ಆದ್ರೆ ಈ ಕಂಪನಿ ನಮ್ಮಂಥ ಸಪ್ಲೈಯರ್‌ಗಳಿಗೆ ಅದನ್ನ ಕಳಿಸ್ತಿರ್ಲಿಲ್ಲ. 997 ನೋಡಿ ನಿಶ್ಚಿಂತೆಯಾಗಿ ಗಾಡಿ ಬಿಟ್ಟಿದ್ದು ರಿಜಿಸ್ಟರ್ ಪೋಸ್ಟ್‌ನ ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಬಂತು ಅಂತ ಒಳಗಿನ ಅರ್ಜಿನೂ ಮಂಜೂರಾಯ್ತು ಅನ್ಕೊಂಡಂಗೆ ಆಯ್ತು.

ಸರಿಯಾದ ಎಎಸ್‌ಎನ್ ಮಾಡಿ ಮತ್ತೆ ಕಳಿಸೋಕೆ ನನಗೆ ಹತ್ತು ನಿಮಿಷ ಸಾಕಿತ್ತು, ಪ್ಯಾಕಿಂಗ್ ಸಾಫ್ಟ್‌ವೇರ್‌ನಿಂದ ಹೊಸ ಸಿಎಸ್‌ವಿ ತೆಗೆದು, BSN ಸಾಲಲ್ಲಿ 00 ಬದಲು 05 ಹಾಕಿದ್ರೆ ಹಳೇದರ ಬದಲು ಇದು ಅಂತ ಅರ್ಥ. ಕಳಿಸಿದೆ ಕೂಡ. ತಗೊಳ್ಲಿಲ್ಲ. ಗೇಟ್ ಎಂಟ್ರಿ ಆಗಿ ಒಂದು ಬಾಕ್ಸ್ ರಿಸೀವ್ ಆದ ಮೇಲೆ ಅವರ ಸಿಸ್ಟಮ್‌ನಲ್ಲಿ ಆ ಎಎಸ್‌ಎನ್ ಲಾಕ್ ಆಗಿಬಿಡುತ್ತೆ, ಆ ಪುಣ್ಯಾತ್ಮ 4300 ಸ್ಕ್ಯಾನ್ ಆಗಿದ್ದೇ ದಾರಿ ಮುಚ್ಚಿತ್ತು. ಒಂದೂ ಸ್ಕ್ಯಾನ್ ಆಗದೇ ಇದ್ದಿದ್ರೆ ಬದಲಿ ಎಎಸ್‌ಎನ್ ಹೋಗ್ತಿತ್ತು ಅಂತ ಸೂಪರ್‌ವೈಸರ್ರೇ ಹೇಳಿದ್ರು. ಮೂರು ಜನ ಕೂತು 184 ಬಾಕ್ಸ್ ಒಡೆದು, ಎಣಿಸಿ, ಟೇಪ್ ಹಾಕಿ ಮುಗಿಸೋ ಹೊತ್ತಿಗೆ ಸಂಜೆ ಐದು. ಲಾರಿಯವನು ಬಿಸಿಲಲ್ಲಿ ಇಡೀ ದಿನ ಅಲ್ಲೇ ನಿಂತ, ಅವನಿಗೆ ಹಾಲ್ಟಿಂಗ್ 2,000 ಕೊಟ್ವಿ. ಬಾಕ್ಸ್‌ಗೆ 50 ರೂಪಾಯಿ ಲೆಕ್ಕದಲ್ಲಿ 9,200 ಡೆಬಿಟ್ ನೋಟ್ ಬಂತು, ಅಗ್ರಿಮೆಂಟ್‌ನಲ್ಲಿ ಇತ್ತು, ಕಟ್ಟಿದ್ವಿ. ಮಾಲಲ್ಲಿ ಒಂದು ಪೀಸ್ ಹೆಚ್ಚು ಕಮ್ಮಿ ಇರ್ಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ, ಪ್ಯಾಕಿಂಗ್ ಹೆಣ್ಮಕ್ಕಳು ಅಷ್ಟು ಅಚ್ಚುಕಟ್ಟಾಗಿ ಎಣಿಸಿ ತುಂಬಿದ್ರು.

ಆಮೇಲೆ ಏನು ಬದಲಿಸಿದ್ವಿ ಅಂದ್ರೆ, ಮೊದಲು ಗಾಡಿ ನಂಬರ್ ಸಿಎಸ್‌ವಿಯಿಂದ ತೆಗೆದ್ವಿ. ಈಗ ಕಳಿಸೋ ಹೊತ್ತಿಗೆ ಕನ್ವರ್ಟರ್ರೇ ಸ್ಕ್ರೀನ್ ಮೇಲೆ ಒಂದು ಖಾಲಿ ಜಾಗ ತೋರಿಸಿ ಗಾಡಿ ನಂಬರ್ ಕೇಳುತ್ತೆ, ಫೈಲ್ ತೆಗೆಯೋ ಕಾರಣನೇ ಉಳಿದಿಲ್ಲ. ಫೈಲ್ ನೋಡಲೇಬೇಕು ಅಂದ್ರೆ ನೋಟ್‌ಪ್ಯಾಡ್‌ನಲ್ಲಿ ನೋಡೋದು, ಎಕ್ಸೆಲ್ಲೇ ಬೇಕು ಅಂದ್ರೆ ಡಬಲ್ ಕ್ಲಿಕ್ ಮಾಡದೇ ಡೇಟಾ ಮೆನುವಿಂದ ಇಂಪೋರ್ಟ್ ಮಾಡಿ ಆ ಕಾಲಮ್ ಟೆಕ್ಸ್ಟ್ ಅಂತ ಹೇಳಿ ತೆಗೆಯೋದು. ಸಿಎಸ್‌ವಿಯಲ್ಲಿ ಫಾರ್ಮ್ಯಾಟ್ ಉಳಿಯಲ್ಲ, ಇವತ್ತು ಟೆಕ್ಸ್ಟ್ ಮಾಡಿ ಸೇವ್ ಮಾಡಿದ್ರೂ ನಾಳೆ ಡಬಲ್ ಕ್ಲಿಕ್ ಮಾಡಿದ್ರೆ ಮತ್ತೆ ಸೊನ್ನೆ ಆಗುತ್ತೆ, ಇದನ್ನ ಹುಡುಗರಿಗೆ ಎದುರಿಗೇ ಮಾಡಿ ತೋರಿಸಿದೆ.

ಎರಡನೇದು ಕಳಿಸೋ ಮೊದಲು ಒಂದು ಎಣಿಕೆ. ಎಸ್‌ಎಸ್‌ಸಿಸಿ ಮೂರನೇ ಕಾಲಮ್‌ನಲ್ಲಿ ಇರುತ್ತೆ, ಅದರಲ್ಲಿ ಬೇರೆ ಬೇರೆ ನಂಬರ್ ಎಷ್ಟಿದಾವೆ ಅಂತ:

```
tail -n +2 asn_0417.csv | cut -d, -f3 | sort -u | wc -l
```

ಆವತ್ತಿನ ಫೈಲ್ ಮೇಲೆ ಇದನ್ನ ಓಡಿಸಿದ್ರೆ 3 ಬರುತ್ತೆ, ಬರಬೇಕಿದ್ದಿದ್ದು 184. ಎರಡೂ ಒಂದೇ ಇಲ್ಲ ಅಂದ್ರೆ ಫೈಲ್ ಫೋಲ್ಡರ್‌ಗೆ ಹೋಗಲ್ಲ. ಮೊದಲು ನಾನು ಚೆಕ್ ಡಿಜಿಟ್ ಪರೀಕ್ಷೆ ಒಂದೇ ಸಾಕು ಅನ್ಕೊಂಡಿದ್ದೆ, 041000 ಮತ್ತೆ 042000 ಎರಡೂ ಅದರಲ್ಲಿ ಸಿಕ್ಕಿಬೀಳ್ತವೆ, ಸರಿಯಾದ ಚೆಕ್ ಡಿಜಿಟ್ 6 ಮತ್ತೆ 3 ಇರಬೇಕಿತ್ತು. ಆದ್ರೆ 043000 ಪಾಸ್ ಆಗಿಬಿಡುತ್ತೆ. ಲೋಡ್ ಸಣ್ಣದಿದ್ದು ಎಲ್ಲ ಸೀರಿಯಲ್ 4300ರ ಸಾಲಲ್ಲೇ ಇದ್ದಿದ್ರೆ ಆ ಪರೀಕ್ಷೆ ಒಂದನ್ನೂ ಹಿಡೀತಿರ್ಲಿಲ್ಲ. ಅದಕ್ಕೆ ಎರಡೂ ಇಟ್ಟಿದೀವಿ.

ಈ ಎರಡೂ ಪರೀಕ್ಷೆ ಫೈಲ್ ಒಳಗಿನ ತಪ್ಪನ್ನ ಹಿಡಿಯುತ್ವೆ, ಬಾಕ್ಸ್ ಮೇಲಿನ ತಪ್ಪನ್ನ ಹಿಡಿಯಲ್ಲ. ಫೈಲಲ್ಲಿ 184 ನಂಬರ್ ಚೆನ್ನಾಗಿದ್ದು, ಒಂದೇ ಲೇಬಲ್ ಎರಡು ಬಾಕ್ಸ್‌ಗೆ ಅಂಟಿದ್ರೆ ಅಥವಾ ಒಂದು ಬಾಕ್ಸ್ ಗೋಡೌನ್‌ನಲ್ಲೇ ಉಳಿದಿದ್ರೆ ಯಾವ ಲೆಕ್ಕಕ್ಕೂ ಗೊತ್ತಾಗಲ್ಲ. ಹಂಗಾಗಿ ಎಎಸ್‌ಎನ್‌ನ ಪ್ಯಾಕಿಂಗ್ ಟೇಬಲ್‌ನ ಪಟ್ಟಿಯಿಂದ ಮಾಡೋದು ಬಿಟ್ಟು, ಲಾರಿ ಬಾಗಿಲಲ್ಲಿ ಹ್ಯಾಂಡ್‌ಹೆಲ್ಡ್ ಹಿಡಿದು ಒಂದೊಂದೇ ಬಾಕ್ಸ್ ಸ್ಕ್ಯಾನ್ ಮಾಡಿ, ಆ ಸ್ಕ್ಯಾನ್‌ನಿಂದಲೇ ಮಾಡ್ತೀವಿ. ಲೋಡಿಂಗ್‌ಗೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತೆ, ಹಮಾಲಿಗಳು ಮೊದಮೊದಲು ಗೊಣಗಿದ್ರು. ಬಾಕ್ಸ್ ಒಳಗಿನ ಸೈಜ್ ತಪ್ಪು ತುಂಬಿದ್ರೆ ಇದಕ್ಕೂ ಗೊತ್ತಾಗಲ್ಲ, ಅದು ಪ್ಯಾಕಿಂಗ್ ಟೇಬಲ್‌ನಲ್ಲೇ ನೋಡ್ಕೋಬೇಕು.

ಮೂರು ವಾರ ಆದ ಮೇಲೆ ಒಂದು ಸಂಜೆ 96 ಬಾಕ್ಸ್ ಲೋಡ್ ಇತ್ತು. ಬಾಗಿಲಲ್ಲಿ 96 ಸಲ ಸ್ಕ್ಯಾನ್ ಆಗಿತ್ತು, ಬೇರೆ ಬೇರೆ ನಂಬರ್ ಎಣಿಸಿದ್ರೆ 95. ಅದೇ ಹುಡುಗ ಲಾರಿ ಬಿಡಬೇಡ ಅಂತ ಡ್ರೈವರ್‌ಗೆ ಹೇಳಿ, ಎರಡು ಸಲ ಬಂದ ನಂಬರ್ ಒಂದು ಚೀಟಿ ಮೇಲೆ ಬರ್ಕೊಂಡು ಲಾರಿ ಒಳಗೆ ಹತ್ತಿ, ಮೊಬೈಲ್ ಟಾರ್ಚ್ ಹಾಕಿ ಸಾಲು ಸಾಲು ನೋಡ್ತಾ ಹೋದ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಾಕ್ಕೊಂಡಾಗ ಒಂದು ಲೇಬಲ್ ಎರಡು ಸಲ ಪ್ರಿಂಟ್ ಆಗಿ, ಎರಡೂ ಬೇರೆ ಬೇರೆ ಬಾಕ್ಸ್‌ಗೆ ಅಂಟಿತ್ತು. ಒಂದನ್ನ ಕಿತ್ತು, ಬಿಟ್ಟುಹೋಗಿದ್ದ ಸೀರಿಯಲ್‌ನ ಲೇಬಲ್ ಹೊಸದಾಗಿ ತೆಗೆದು ಅಂಟಿಸಿ, ಮತ್ತೆ ಸ್ಕ್ಯಾನ್ ಮಾಡಿ, 96 ಬಂದ ಮೇಲೆ ಫೈಲ್ ಕಳಿಸಿ ಗಾಡಿ ಬಿಟ್ಟ.